ಕ್ಲಿನಿಕ್‌ ಎಸ್‌ಎಂಎಸ್: ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ?

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ. ಕನ್ನಡದಲ್ಲಿ 70 ಮಾತ್ರ. ಮೊದಲು ಇಂಗ್ಲಿಷ್ ನೋಡಿ:

```
Appt: Wed 12 Aug, 10:30 AM, Dental Clinic, 2nd floor. To change, call 0000000000
```

ಇದು 80. ಇನ್ನೂ ಅರ್ಧ ಜಾಗ ಉಳಿದಿದೆ, ಹೆಸರನ್ನೂ ಸೇರಿಸಬಹುದು. ಆದರೆ ಒಂದು ಇಮೋಜಿಯೋ, ಬಾಗಿದ ಉದ್ಧರಣ ಚಿಹ್ನೆಯೋ ನುಸುಳಿದರೆ ಇಡೀ ಸಂದೇಶಕ್ಕೆ 70ರ ಮಿತಿಯೇ ಬೀಳುತ್ತದೆ. ಆಗ ಇದೇ ಸಂದೇಶ ಎರಡು ಭಾಗವಾಗಿ, ಎರಡು ಎಸ್‌ಎಂಎಸ್‌ನ ಖರ್ಚಾಗುತ್ತದೆ. ವರ್ಡ್‌ನಿಂದ ಕಾಪಿ ಮಾಡಿ ಅಂಟಿಸುವಾಗ ಹೀಗಾಗುವುದು ಜಾಸ್ತಿ.

ಈಗ ಕನ್ನಡ:

```
ಬುಧ 12 ಆಗಸ್ಟ್ ಬೆ. 10:30, ಹಲ್ಲಿನ ಕ್ಲಿನಿಕ್, 2ನೇ ಮಹಡಿ. ಕರೆ: 0000000000
```

ಇದು 67. ಕಣ್ಣಿಗೆ ಕಡಿಮೆ ಕಾಣುತ್ತದೆ, ಅಲ್ವಾ? ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ‘ಕ್ಲಿ’ ನಮಗೆ ಒಂದೇ ಅಕ್ಷರ, ಎಸ್‌ಎಂಎಸ್‌ಗೆ ನಾಲ್ಕು. ಮುಂದೆ ‘ಮಾನ್ಯರೇ, ’ ಎಂದು ಸೇರಿಸಿದರೆ 76 ಆಗಿ ಎರಡನೇ ಭಾಗ ಶುರು. ಹಾಗಾಗಿ ಮರ್ಯಾದೆಯ ಮಾತನ್ನು ಬಿಡಬೇಕಾಗುತ್ತದೆ, ಅದು ನನಗೂ ಬೇಸರವೇ. ಆದರೆ ತಿಂಗಳ ಹೆಸರನ್ನು ಬಿಡಬೇಡಿ. 12/8 ಎಂದರೆ ಕೆಲವರು ಡಿಸೆಂಬರ್ 8 ಎಂದು ಓದುತ್ತಾರೆ. ಅಕ್ಷರ ಉಳಿಸಲು ‘ಬೆಳಿಗ್ಗೆ’ಯನ್ನು ‘ಬೆ.’ ಮಾಡಿ, ಐದು ಉಳಿಯುತ್ತವೆ.

ಬರುವವರಲ್ಲಿ ಹೆಚ್ಚಿನವರು ಕನ್ನಡವನ್ನಷ್ಟೇ ಸಲೀಸಾಗಿ ಓದುವವರಾದರೆ ನಾನು ಕನ್ನಡವನ್ನೇ ಆರಿಸುತ್ತೇನೆ. ಕ್ಲಿನಿಕ್ ಹೆಸರು, ವಿಳಾಸ ಉದ್ದವಿದ್ದು ಓದುವವರಿಗೆ ಇಂಗ್ಲಿಷ್ ಬರುತ್ತದೆ ಎಂದಾದರೆ ಇಂಗ್ಲಿಷ್ ಸರಿ. ಎರಡನ್ನೂ ಒಂದೇ ಸಂದೇಶದಲ್ಲಿ ಬೆರೆಸಿದರೆ ಸಿಗುವುದು 70 ಅಕ್ಷರ ಮಾತ್ರ.