ಅಪ್ಪ ಅಮ್ಮನ ನೆದರ್‌ಲ್ಯಾಂಡ್ಸ್ ವೀಸಾ ಫಾರಂ ತುಂಬುವ ಮುಂಚೆ ಇದನ್ನು ಓದಿ

ನಾನು ಐಂಡ್‌ಹೋವನ್‌ನಲ್ಲಿದ್ದೇನೆ. ಅಪ್ಪ ಅಮ್ಮ ತುಮಕೂರಿನಲ್ಲಿ. ಅವರನ್ನು ಮೂರು ತಿಂಗಳು ಇಲ್ಲಿಗೆ ಕರೆಸಿಕೊಳ್ಳೋಣ ಅಂತ ರಾತ್ರಿ ಕೂತು ನಾನೇ ಫಾರಂ ತುಂಬಿದೆ. ಅವರು ಬೆಂಗಳೂರಿನ ವೀಸಾ ಕೌಂಟರ್‌ವರೆಗೂ ಹೋಗಿ ವಾಪಸ್ ಬಂದರು. ತಪ್ಪೆಲ್ಲ ನನ್ನದೇ, ಅದರಲ್ಲೂ ಜಾಸ್ತಿ ಡ್ರಾಪ್‌ಡೌನ್‌ಗಳದ್ದು.

ಫಾರಂ ಮೊದಲು ಯಾವ ಸೆಂಟರ್ ಅಂತ ಕೇಳುತ್ತದೆ, ಬೆಂಗಳೂರು ಅಂತ ಆರಿಸಿದರೆ ಆಯಿತು. ಆಮೇಲೆ ಶಾರ್ಟ್ ಸ್ಟೇ, ಲಾಂಗ್ ಸ್ಟೇ. 90 ದಿನದೊಳಗಿನ ಪ್ರವಾಸಕ್ಕೆ ಶಾರ್ಟ್ ಸ್ಟೇ. ಲಾಂಗ್ ಸ್ಟೇ ಇರುವುದು ಇಲ್ಲಿ ಬಂದು ನೆಲೆಸುವವರಿಗೆ. ಇಲ್ಲಿವರೆಗೆ ಸರಿ ಇತ್ತು.

ಎಡವಿದ್ದು ಪ್ರವಾಸದ ಉದ್ದೇಶದಲ್ಲಿ. ಪಟ್ಟಿಯಲ್ಲಿ `Tourism`, `Business`, `Visiting family or friends`, ಇನ್ನೂ ಏನೇನೋ ಇವೆ. ಹೇಗೂ ಊರು ತೋರಿಸುತ್ತೇನಲ್ಲ, ಟೂರಿಸಂ ಅಂದರೆ ಸುಲಭವಾಗಿ ಸಿಗುತ್ತದೆ ಅಂತ ಯಾರೋ ಹೇಳಿದ್ದೂ ಇತ್ತು. ಅದನ್ನೇ ಒತ್ತಿದೆ. ಆದರೆ ಅವರು ಉಳಿಯುವುದು ನನ್ನ ಮನೆಯಲ್ಲಿ. ಅದಕ್ಕೆ ನಾನು ಪ್ರಾಯೋಜಕತ್ವದ ಫಾರಂ ತುಂಬಿ, ಇಲ್ಲಿನ ಪುರಸಭೆ ಕಚೇರಿಯಲ್ಲಿ ಸಹಿಯನ್ನು ದೃಢೀಕರಿಸಿ ಕಳಿಸಿದ್ದೆ. ಕೌಂಟರ್‌ನಲ್ಲಿದ್ದವರು ಒಂದು ಕೈಯಲ್ಲಿ ಟೂರಿಸಂ ಅಂತಿರುವ ಫಾರಂ, ಇನ್ನೊಂದು ಕೈಯಲ್ಲಿ ನನ್ನ ಪತ್ರ ಹಿಡಿದು, "ಹೋಟೆಲ್ ಬುಕಿಂಗ್ ಎಲ್ಲಿ ಅಂಕಲ್?" ಅಂತ ಕೇಳಿದರಂತೆ. ಅಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. ಮಗನ ಮನೆಗೆ ಹೋಗುವವರಿಗೆ ಹೋಟೆಲ್ ಯಾಕೆ ಅಲ್ವಾ?

ಫಾರಂ ತಿದ್ದಿಕೊಂಡು ಬನ್ನಿ ಅಂದರು. ಮುಂದಿನ ಸ್ಲಾಟ್ ಸಿಕ್ಕಿದ್ದು ಮೂರು ವಾರದ ನಂತರ. ಸರಿ, ಈ ಸಲ ಒಂದೊಂದೇ ಬಾಕ್ಸ್ ನೋಡುತ್ತಾ ಹೋದೆ. ಆಗ ಉಳಿದ ತಪ್ಪುಗಳೂ ಸಿಕ್ಕವು.

ಅಮ್ಮನ ಪಾಸ್‌ಪೋರ್ಟ್‌ನಲ್ಲಿ `Surname` ಜಾಗ ಖಾಲಿ. ನಮ್ಮ ಕಡೆ ಇದು ಹೊಸದೇನಲ್ಲ. ಪೋರ್ಟಲ್‌ನಲ್ಲಿ ಮಾತ್ರ ಆ ಬಾಕ್ಸ್‌ಗೆ ಕೆಂಪು ನಕ್ಷತ್ರ, ಬಿಟ್ಟರೆ ಮುಂದೆ ಹೋಗಲ್ಲ. ನಾನು ಸುಮ್ನೆ ಅಪ್ಪನ ಹೆಸರು ಹಾಕಿಬಿಟ್ಟಿದ್ದೆ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಹೆಸರನ್ನು ಹೀಗೆ ಹುಟ್ಟಿಸಬೇಡಿ. ಯಾವ ಬಾಕ್ಸ್‌ನಲ್ಲಿ ಏನು ಬರೆಯಬೇಕು ಅಂತ ಸೆಂಟರ್‌ಗೆ ಇಮೇಲ್ ಮಾಡಿ, ಉತ್ತರದ ಪ್ರಿಂಟ್ ಕೈಯಲ್ಲಿಟ್ಟುಕೊಂಡು ಹೋಗಿ.

ಯೂರೋಪಿಯನ್ ಯೂನಿಯನ್ ಪ್ರಜೆಯ ಕುಟುಂಬದವರೇ ಅಂತ ಕೇಳುವ ಜಾಗ ಇನ್ನೊಂದು. ಮಗ ಅಲ್ಲೇ ಇದ್ದಾನಲ್ಲ ಅಂತ ಹೌದು ಅನ್ನಬೇಕು ಅನಿಸುತ್ತದೆ. ನನ್ನ ಬಳಿ ಇರುವುದು ಇಲ್ಲಿ ವಾಸಕ್ಕೆ ಪರ್ಮಿಟ್ ಅಷ್ಟೇ, ಪಾಸ್‌ಪೋರ್ಟ್ ಭಾರತದ್ದು. ಹಾಗಾಗಿ ಅಪ್ಪ ಅಮ್ಮನಿಗೆ ಈ ಜಾಗ ಸಂಬಂಧವೇ ಇಲ್ಲ. ಮಗನ ವಿವರ ಹೋಗಬೇಕಾದ್ದು ಕೆಳಗೆ, ಆಹ್ವಾನಿಸುವವರ ಬಾಕ್ಸ್‌ನಲ್ಲಿ.

ದೇಶದ ಪಟ್ಟಿ ಎರಡು ಸಲ ಬರುತ್ತದೆ. ಒಂದು ಮುಖ್ಯವಾಗಿ ಹೋಗುವ ದೇಶ, ಇನ್ನೊಂದು ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿಗೆ, ಮೊದಲು ಕಾಲಿಡುವ ದೇಶ. ಅವರ ವಿಮಾನ ಫ್ರಾಂಕ್‌ಫರ್ಟ್‌ನಲ್ಲಿ ಬದಲಾಗುತ್ತಿತ್ತು. ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುವುದರಿಂದ ಎರಡನೆಯದು ಜರ್ಮನಿ ಆಗಬೇಕಿತ್ತು. ನಾನು ಎರಡಕ್ಕೂ ನೆದರ್‌ಲ್ಯಾಂಡ್ಸ್ ಅಂತಲೇ ಹಾಕಿದ್ದೆ.

ಕೊನೆಗೆ ದಿನದ ಲೆಕ್ಕ. ಇದು ನನಗೆ ನಾಚಿಕೆ ಆಗುವ ತಪ್ಪು. ಜೂನ್ 1ಕ್ಕೆ ಬಂದು ಆಗಸ್ಟ್ 30ಕ್ಕೆ ಹೊರಡುವುದು ಅಂತ ಟಿಕೆಟ್ ನೋಡಿದ್ದೆ. ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಇದೆಯಲ್ಲ, ಸಾಕು ಅಂದುಕೊಂಡೆ. ಆದರೆ ಬರುವ ದಿನ, ಹೋಗುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಜೂನ್‌ನಲ್ಲಿ 30, ಜುಲೈನಲ್ಲಿ 31, ಆಗಸ್ಟ್‌ನಲ್ಲಿ 30. ಒಟ್ಟು 91. ಒಂದು ದಿನ ಹೆಚ್ಚಾದರೂ ನಿಯಮ ಮೀರಿದಂತೆಯೇ. ಟಿಕೆಟ್ ಇನ್ನೂ ಕೊಂಡಿರಲಿಲ್ಲ, ಪುಣ್ಯ.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ ಮುಂಚೆ. ನಾನು ಏಪ್ರಿಲ್‌ವರೆಗೆ ಕಾದಿದ್ದರಿಂದಲೇ ಮೂರು ವಾರದ ಏಟು ಅಷ್ಟು ಜೋರಾಗಿ ಬಿತ್ತು. ವಯಸ್ಕರ ವೀಸಾ ಶುಲ್ಕ 90 ಯೂರೋ, ಸೆಂಟರ್‌ನ ಸೇವಾ ಶುಲ್ಕ ಬೇರೆ.

ಎರಡನೇ ಸಲ ಸಬ್ಮಿಟ್ ಒತ್ತುವ ಮುಂಚೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಅಪ್ಪನಿಗೆ ಕಳಿಸಿದೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ ಅವರಿಗೆ. ಆದರೂ ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ಸಿಲ್‌ನಲ್ಲಿ ಒಂದೊಂದೇ ದಿನ ಗುರುತು ಹಾಕಿ ಎಣಿಸಿ, ಫೋನ್ ಮಾಡಿದರು. "ಆಗಸ್ಟ್ 29ಕ್ಕೆ ತೊಂಬತ್ತು ಕಣೋ. ಈಗ ಒತ್ತು."