ದೋಷ ಸೊನ್ನೆ ಎಂದಿತು ಕೀಕ್ಯಾಡ್, ಬೋರ್ಡ್ ಒಪ್ಪಲಿಲ್ಲ

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಕೀಕ್ಯಾಡ್ ತಂತ್ರಾಂಶವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಹಿಡಿದದ್ದು ಕಾಸು ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ. ವರ್ಷಕ್ಕೆ ನಾಲ್ಕು ಬೋರ್ಡ್ ಮಾಡುವವನು ತಂತ್ರಾಂಶಕ್ಕೆ ಚಂದಾ ಕಟ್ಟಿದರೆ ಬಿಡಿಭಾಗಗಳಿಗೆ ಏನು ಉಳಿಯುತ್ತದೆ?

ಮೊದಲ ಬೋರ್ಡ್ ಕೈತೋಟಕ್ಕೆ ನೀರು ಬಿಡುವ 12 ವೋಲ್ಟಿನ ವಾಲ್ವ್ ನಡೆಸಲು. ನಿಯಂತ್ರಣಕ್ಕೆ ATmega328P ಎಂಬ ಚಿಪ್, ವಾಲ್ವಿಗೆ ಸ್ವಿಚ್ಚಾಗಿ ಒಂದು ಮಾಸ್ಫೆಟ್. X ಒತ್ತಿ ತಾಮ್ರದ ಗೆರೆ ಎಳೆಯುವುದು ರಂಗೋಲಿ ಬಿಡಿಸಿದಷ್ಟೇ ಹಿತ. ಗಂಟೆ ಒಂದಾದದ್ದು ತಿಳಿಯಲಿಲ್ಲ. ಗೆರೆಯ ಅಗಲಕ್ಕೆ ಜೊತೆಗೇ ಬರುವ ಲೆಕ್ಕ ಹಾಕುವ ಸಲಕರಣೆಯನ್ನು ಕೇಳಿದೆ. 35 ಮೈಕ್ರಾನ್ ದಪ್ಪದ ಹೊರಪದರದ ತಾಮ್ರದಲ್ಲಿ 1 ಆಂಪಿಯರ್ ಹರಿದು 10 ಡಿಗ್ರಿ ಮಾತ್ರ ಬಿಸಿಯೇರಬೇಕೆಂದರೆ ಸುಮಾರು 0.3 ಮಿ.ಮೀ. ಸಾಕು ಎಂದಿತು. ಜಾಗವಿದ್ದುದರಿಂದ ವಾಲ್ವಿನ ದಾರಿಗೆ 1 ಮಿ.ಮೀ. ಕೊಟ್ಟೆ.

ಕೊನೆಗೆ ನಿಯಮ ಪರೀಕ್ಷೆ ಓಡಿಸಿದೆ: ದೋಷ ಸೊನ್ನೆ. ಬೋರ್ಡ್ ಬಂತು, ಬೆಸುಗೆ ಹಾಕಿದೆ. ವಾಲ್ವ್ ತೆರೆದಾಗಲೆಲ್ಲ ಚಿಪ್ ಮೊದಲಿನಿಂದ ಶುರುವಾಗುತ್ತಿತ್ತು.

ತಪ್ಪು ನನ್ನದೇ. ಚಿಪ್‌ಗೆ ತಟ್ಟನೆ ಬೇಕಾಗುವ ವಿದ್ಯುತ್ತನ್ನು ಪಕ್ಕದಲ್ಲೇ ನಿಂತು ಕೊಡಬೇಕಾದವು ಡಿಕಪ್ಲಿಂಗ್ ಕೆಪಾಸಿಟರ್‌ಗಳು. ನಕ್ಷೆಯಲ್ಲಿ 100 ನ್ಯಾನೊಫ್ಯಾರಡ್‌ನ ಅಂಥ ಮೂರನ್ನು ಅಂದಕ್ಕಾಗಿ ಒಂದು ಮೂಲೆಯಲ್ಲಿ ಸಾಲಾಗಿ ಬರೆದಿದ್ದೆ, ಬೋರ್ಡಿನಲ್ಲೂ ಹಾಗೆಯೇ ಇಟ್ಟೆ, ಚಿಪ್‌ನಿಂದ ಮೂರು ಸೆಂ.ಮೀ. ದೂರ. ತಂತ್ರಾಂಶಕ್ಕೆ ಗೊತ್ತಿರುವುದು ಎರಡು ತುದಿಗಳು ಸೇರಬೇಕು ಎಂಬುದಷ್ಟೇ. ಯಾವ ಕೆಪಾಸಿಟರ್ ಯಾವ ಕಾಲಿನ ಪಕ್ಕದಲ್ಲಿರಬೇಕು ಎಂಬುದಲ್ಲ. ಗೆರೆ ಉದ್ದವಾದಷ್ಟೂ ಅದರ ಇಂಡಕ್ಟೆನ್ಸ್, ಅಂದರೆ ಕರೆಂಟ್ ತಟ್ಟನೆ ಬದಲಾಗುವುದನ್ನು ತಡೆಯುವ ಗುಣ, ಹೆಚ್ಚುತ್ತದೆ; ಒಂದು ಮಿ.ಮೀ. ಗೆರೆಗೆ ಸುಮಾರು 1 ನ್ಯಾನೊಹೆನ್ರಿ ಎಂದು ಹಿಡಿಯಿರಿ. 30 ನ್ಯಾನೊಹೆನ್ರಿಯ ದಾರಿಯಲ್ಲಿ 5 ನ್ಯಾನೊಸೆಕೆಂಡಿಗೆ 50 ಮಿಲಿಆಂಪಿಯರ್ ಬದಲಾದರೆ 0.3 ವೋಲ್ಟ್ ಕುಸಿಯುತ್ತದೆ. ಆ ಕ್ಷಣಕ್ಕೆ ದೂರದ ಕೆಪಾಸಿಟರ್ ಇದ್ದೂ ಇಲ್ಲದಂತೆ.

ಪರೀಕ್ಷಿಸಲು ಒಂದು ಕೆಪಾಸಿಟರನ್ನು ಚಿಮಟದಲ್ಲಿ ಹಿಡಿದು ಚಿಪ್‌ನ 3 ಮತ್ತು 4ನೇ ಕಾಲಿಗೆ ಅಡ್ಡಲಾಗಿ ಬೆಸೆದೆ. ನೆಲ ಮತ್ತು ವಿದ್ಯುತ್ತಿನ ಕಾಲುಗಳು ಅಲ್ಲಿ ಅಕ್ಕಪಕ್ಕವೇ ಇವೆ. ವಾಲ್ವ್ ಇಪ್ಪತ್ತು ಸಲ ತೆರೆಯಿತು, ಚಿಪ್ ಮಿಸುಕಲಿಲ್ಲ.

ಈಗ ಚಿಪ್ ಇಟ್ಟ ಕೂಡಲೇ ಕೆಪಾಸಿಟರ್‌ಗಳನ್ನು ಅದರ ಕಾಲಿಗೆ ಅಂಟಿಸಿ ಇಡುತ್ತೇನೆ, ಉಳಿದದ್ದು ಆಮೇಲೆ. ನಕ್ಷೆಯಲ್ಲಿ ಪ್ರತಿಯೊಂದರ ಪಕ್ಕ ‘4ನೇ ಕಾಲಿಗೆ’ ಎಂದು ಬರೆದಿರುತ್ತದೆ. ಇದನ್ನು ತಂತ್ರಾಂಶವೇ ನೆನಪಿಸಬಾರದೇ ಎಂಬ ಸಿಡುಕು ಇನ್ನೂ ಹೋಗಿಲ್ಲ.

ಸಿಡುಕು ತಗ್ಗುವುದು ಮುದ್ರಿಸುವಾಗ. ಆರ್ಡರ್ ಮಾಡುವ ಮುನ್ನ ವಿನ್ಯಾಸವನ್ನು ಕಾಗದದ ಮೇಲೆ 1:1 ಅಳತೆಯಲ್ಲಿ ಅಚ್ಚು ಹಾಕಿಸುತ್ತೇನೆ. ಮುದ್ರಕ ಕಾಗದಕ್ಕೆ ಹೊಂದಿಸಲು ಕುಗ್ಗಿಸಿಬಿಡುತ್ತದೆ, ಹಾಗಾಗಿ ಮೊದಲು 50 ಮಿ.ಮೀ. ಗೆರೆಯೊಂದನ್ನು ಸ್ಕೇಲಿನಿಂದ ಅಳೆಯುತ್ತೇನೆ. ಆಮೇಲೆ ಕಾಫಿ ಲೋಟ ದೂರವಿಟ್ಟು ಬಿಡಿಭಾಗಗಳನ್ನು ಒಂದೊಂದಾಗಿ ಅವುಗಳ ಫುಟ್‌ಪ್ರಿಂಟ್, ಅಂದರೆ ಬೋರ್ಡಿನಲ್ಲಿ ಅವು ಕೂರುವ ಜಾಗದ ಗುರುತಿನ ಮೇಲೆ ಕೂರಿಸುತ್ತೇನೆ. ಕಳೆದ ತಿಂಗಳು ಹದಿನಾರು ಕಾಲಿನ ಚಿಪ್ಪೊಂದು ಕೂರಲಿಲ್ಲ. ನಾನು ಆರಿಸಿದ್ದು 3.9 ಮಿ.ಮೀ. ಮೈಯದು, ಕೈಯಲ್ಲಿದ್ದದ್ದು 7.5ರದು. ಅಂದೂ ಪರದೆಯಲ್ಲಿ ದೋಷ ಸೊನ್ನೆಯೇ.