ಪ್ರಮಾಣ್ ಐಡಿ ಬಂತು, ಪಿಂಚಣಿ ಬರಲಿಲ್ಲ

ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ಶಾಲೆಯಲ್ಲಿ ಗಣಿತದ ಮಾಸ್ತರ ಆಗಿದ್ದವರು, ಈಗ 76 ವರ್ಷ. ಹೋದ ನವೆಂಬರಿನಲ್ಲಿ ಅವರನ್ನು ಬ್ಯಾಂಕಿನ ಪಾಳಿಯಲ್ಲಿ ನಿಲ್ಲಿಸೋದು ಬ್ಯಾಡ ಅಂತ ಓಣಿಯ ಆನ್‌ಲೈನ್ ಅಂಗಡಿಗೆ ಕರ್ಕೊಂಡು ಹೋಗಿ, ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಲೈಫ್ ಸರ್ಟಿಫಿಕೇಟ್ ಮಾಡಿಸಿದೆ. ಬೆರಳಚ್ಚು ತಗೊಂಡರು, ಮೊಬೈಲಿಗೆ ಆ ಸರ್ಟಿಫಿಕೇಟಿನ ನಂಬರ್, ಅಂದರೆ ಪ್ರಮಾಣ್ ಐಡಿ ಬಂತು. "ಮುಗೀತ್ರಿ ಸರ್, ಇನ್ನ ಒಂದು ವರ್ಷ ಚಿಂತಿಲ್ಲ" ಅಂದ ಅಂಗಡಿಯ ಹುಡುಗ.

ಡಿಸೆಂಬರ್ ಕೊನೆಗೆ ಪಿಂಚಣಿ ಜಮಾ ಆಗಲಿಲ್ಲ. ನಾಲ್ಕು ದಿನ ಕಾದು ಬ್ಯಾಂಕಿಗೆ ಹೋದರೆ, ಸರ್ಟಿಫಿಕೇಟ್ ಬಂದೇ ಇಲ್ಲ ಅಂದರು. ಅಪ್ಪ ಮೊಬೈಲಿನ ಸಂದೇಶ ತೋರಿಸುತ್ತ "ನಾ ಕೊಟ್ಟೀನಿ, ನೋಡ್ರಿ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಮನೆಗೆ ಬಂದು jeevanpramaan.gov.in ನಲ್ಲಿ ಆ ಐಡಿ ಹಾಕಿ ಸರ್ಟಿಫಿಕೇಟ್ ತೆಗೆದಾಗ ಗೊತ್ತಾಯಿತು. ಅದರಲ್ಲಿದ್ದದ್ದು ಪಿಂಚಣಿ ಬರುವ ಬ್ಯಾಂಕಿನ ಹೆಸರಲ್ಲ, ಅಪ್ಪನ ಇನ್ನೊಂದು ಉಳಿತಾಯ ಖಾತೆ ಇರುವ ಬ್ಯಾಂಕಿನದು. ಅವತ್ತು ಅವಸರದಲ್ಲಿ ನಾನೇ ಆ ಪಾಸ್‌ಬುಕ್ ಕೊಟ್ಟಿದ್ದೆ. ಹುಡುಗ ಕೇಳಲಿಲ್ಲ, ನಾನೂ ಪರದೆ ನೋಡಲಿಲ್ಲ.

ಆಧಾರ್ ಖಾತ್ರಿ ಮಾಡುವುದು ಎದುರಿಗಿರುವ ಮನುಷ್ಯ ಅವರೇ ಹೌದು ಅನ್ನುವುದನ್ನು ಮಾತ್ರ. ಪಿಂಚಣಿ ಆದೇಶದ ಅಂದರೆ ಪಿಪಿಒ ನಂಬರ್, ಪಿಂಚಣಿ ಮಂಜೂರು ಮಾಡಿದ ಇಲಾಖೆ, ಪಿಂಚಣಿ ಕೊಡುವ ಬ್ಯಾಂಕ್, ಖಾತೆ ನಂಬರ್ ಇವೆಲ್ಲ ನಾವು ತುಂಬುವ ವಿವರ. ಅವು ತಪ್ಪಿದರೂ ಐಡಿ ಬಂದೇ ಬರುತ್ತದೆ. ಸರ್ಟಿಫಿಕೇಟ್ ಮಾತ್ರ ನಮ್ಮನ್ನು ಪಿಂಚಣಿದಾರ ಅಂತ ಅರಿಯದ ಬ್ಯಾಂಕಿಗೆ ಹೋಗಿ ಕೂರುತ್ತದೆ. ಹಳೆಯದನ್ನು ತಿದ್ದಲು ಬರುವುದಿಲ್ಲ, ಸರಿಯಾದ ವಿವರ ಹಾಕಿ ಹೊಸದಾಗಿ ಮಾಡಬೇಕು.

ಎರಡನೇ ಸಲ ಮನೆಯಲ್ಲೇ ಮಾಡಿದೆವು. ನನ್ನ ಫೋನಿನಲ್ಲಿ AadhaarFaceRD ಮತ್ತು Jeevan Pramaan ಎರಡೂ ಆ್ಯಪ್ ಹಾಕಿಕೊಂಡೆ. ಮೊದಲು ಆಪರೇಟರ್ ಅಂತ ನನ್ನ ಆಧಾರ್, ಒಟಿಪಿ, ಮುಖ. ಆಮೇಲೆ ಅಪ್ಪನವು. ಈ ಸಲ ಪಿಪಿಒ ಪ್ರತಿ ಮತ್ತು ಪಿಂಚಣಿ ಬರುವ ಪಾಸ್‌ಬುಕ್ ಎದುರಿಗಿಟ್ಟುಕೊಂಡು, ಒಂದೊಂದೇ ಅಂಕಿ ಅಪ್ಪನಿಂದ ಓದಿಸಿ ತುಂಬಿದೆ. Pension Disbursing Agency ಅನ್ನುವ ಪಟ್ಟಿಯಲ್ಲಿ ಪಿಂಚಣಿ ಬರುವ ಬ್ಯಾಂಕನ್ನೇ ಆರಿಸಬೇಕು, ನಾವು ಎಡವಿದ್ದು ಅಲ್ಲೇ. ಒಳಗೆ ಕತ್ತಲಿದ್ದುದಕ್ಕೆ ಮುಖ ಹಿಡಿಯಲಿಲ್ಲ. ಕಟ್ಟೆಯ ಮೇಲೆ ಬೆಳಕಿಗೆ ಮುಖ ಮಾಡಿ ಕೂಡ್ರಿಸಿ, ಚಾಳೀಸು ತೆಗೆಸಿ, ಕಣ್ಣು ಮಿಟುಕಿಸಲು ಹೇಳಿದ ಮೇಲೆ ಹಿಡಿಯಿತು.

ಪಿಂಚಣಿ ಮಂಜೂರು ಮಾಡಿದ ಇಲಾಖೆಯ ಹೆಸರು ಆ್ಯಪಿನ ಪಟ್ಟಿಯಲ್ಲಿ ಇರದಿದ್ದರೆ, ಅಥವಾ ಪಿಂಚಣಿದಾರರು ಮತ್ತೆ ನೌಕರಿಗೆ ಸೇರಿದ್ದರೆ ಈ ದಾರಿ ನಡೆಯುವುದಿಲ್ಲ, ಕಾಗದದ ಸರ್ಟಿಫಿಕೇಟನ್ನೇ ಕೊಡಬೇಕು.

ಐಡಿ ಬಂದ ದಿನವೇ ಸರ್ಟಿಫಿಕೇಟ್ ಇಳಿಸಿಕೊಂಡು ಬ್ಯಾಂಕಿನ ಹೆಸರು, ಖಾತೆಯ ಕೊನೆಯ ಅಂಕಿಗಳನ್ನು ಪಾಸ್‌ಬುಕ್ಕಿಗೆ ಹೋಲಿಸಿ ನೋಡಿ. ನವೆಂಬರ್ ಮೊದಲ ವಾರದಲ್ಲೇ ಮಾಡಿದರೆ ತಪ್ಪು ಸಿಕ್ಕರೂ ತಿಂಗಳೊಳಗೆ ಇನ್ನೊಮ್ಮೆ ಮಾಡಲು ದಿನ ಉಳಿಯುತ್ತವೆ. ನಾವು ಮಾಡಿಸಿದ್ದು 27ಕ್ಕೆ. ನಿಂತ ಪಿಂಚಣಿ ಜನವರಿಯದರ ಜೊತೆ ಬಂತು. ಅಲ್ಲಿತನಕ ಅಪ್ಪ ದಿನಾ ಬೆಳಿಗ್ಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಬಾಗಿಲಿಗೆ ಹೋಗಿಬರುತ್ತಿದ್ದರು.